ಅದನ್ನೇ ಮತ್ತೆ ಹೇಳುತ್ತಿದೆಯಾ, ಮುಂದಿನದು ಹೇಳುತ್ತಿದೆಯಾ? ಎರಡು ಲಿಪಿಯ ಬೋರ್ಡನ್ನು ಸರಿಯಾದ ಕ್ರಮದಲ್ಲಿ ಬರೆದಿಡುವ ಬಗ್ಗೆ

(ಕಲಬುರಗಿಯಲ್ಲಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇವತ್ತು ಇಲ್ಲಿಗೆ ಬರುವ ದಾರಿಯಲ್ಲಿ ನೀವೆಲ್ಲ ಕಡಿಮೆ ಅಂದರೂ ಐವತ್ತು ಬೋರ್ಡ್ ದಾಟಿ ಬಂದಿರುತ್ತೀರಿ. ಸೂಪರ್ ಮಾರ್ಕೆಟ್ ಕಡೆಯಿಂದ ಬಂದವರಾದರೆ ಇನ್ನೂ ಜಾಸ್ತಿ. ಬಹಳಷ್ಟು ಬೋರ್ಡ್‌ಗಳಲ್ಲಿ ಕನ್ನಡವೂ ಇದೆ, ಇಂಗ್ಲಿಷೂ ಇದೆ. ದರ್ಗಾ ಕಡೆ ಹೋದರೆ ಉರ್ದುವೂ ಸೇರಿಕೊಳ್ಳುತ್ತದೆ. ಓದುವಾಗ ನಮಗೆ ಏನೂ ತೊಂದರೆ ಆಗುವುದಿಲ್ಲ. ಕಣ್ಣು ತನಗೆ ಬೇಕಾದ ಲಿಪಿಯನ್ನು ಹಿಡಿದುಕೊಂಡು ಹೋಗುತ್ತದೆ, ಉಳಿದದ್ದನ್ನು ಸುಮ್ನೆ ಬಿಟ್ಟುಬಿಡುತ್ತದೆ.

ತೊಂದರೆ ಶುರುವಾಗುವುದು ಆ ಬೋರ್ಡಿನ ಫೋಟೋ ಮುಂದಿಟ್ಟುಕೊಂಡು, ಅದರಲ್ಲಿ ಇರುವುದನ್ನು ಟೈಪ್ ಮಾಡಿ ಇಡಬೇಕಾದಾಗ. ಯಾವ ಸಾಲು ಮೊದಲು ಬರೆಯಬೇಕು? ಕನ್ನಡದ ಒಂದು ಸಾಲು, ಅದರ ಪಕ್ಕದ ಇಂಗ್ಲಿಷಿನ ಒಂದು ಸಾಲು, ಹೀಗಾ? ಅಥವಾ ಕನ್ನಡ ಪೂರ್ತಿ ಮುಗಿಸಿ ಆಮೇಲೆ ಇಂಗ್ಲಿಷಾ? ಬೋರ್ಡಿನ ಅಕ್ಷರ ಓದುವ ತಂತ್ರಾಂಶಕ್ಕೆ ಕನ್ನಡ ಕಲಿಸಲು ಇಂಥ ಫೋಟೋಗಳೂ ಅವುಗಳ ಟೈಪ್ ಮಾಡಿದ ಪಠ್ಯವೂ ಜೋಡಿಯಾಗಿ ಬೇಕು. ನಾನು ಮಾಡುವುದು ಆ ಜೋಡಿ ಕೂಡಿಸುವ ಕೆಲಸ. ಈ ಕೆಲಸದಲ್ಲಿ ಕಾಗುಣಿತದ ತಪ್ಪಿಗಿಂತ ಕ್ರಮದ ತಪ್ಪೇ ನನ್ನನ್ನು ಹೆಚ್ಚು ಕಾಡಿದೆ. ಕಾಗುಣಿತದ ತಪ್ಪು ಕಣ್ಣಿಗೆ ಬೀಳುತ್ತದೆ. ಕ್ರಮದ ತಪ್ಪು ಬೀಳುವುದಿಲ್ಲ. ಪ್ರತಿ ಅಕ್ಷರವೂ ಸರಿಯಾಗಿಯೇ ಇರುತ್ತದೆ, ಆದರೂ ಇಡೀ ಬರಹ ಹಾಳಾಗಿರುತ್ತದೆ.

ಎಷ್ಟು ಹಾಳು ಅಂತ ಒಂದು ಚಿಕ್ಕ ಲೆಕ್ಕದಿಂದ ತೋರಿಸುತ್ತೇನೆ. ಒಂದು ಬೋರ್ಡಿನಲ್ಲಿ ಎರಡೇ ಸಾಲು ಇದೆ ಅಂದುಕೊಳ್ಳಿ.

```
ಕಿರಾಣಿ
KIRANA
```

ಕಂಪ್ಯೂಟರಿನ ಲೆಕ್ಕದಲ್ಲಿ ‘ಕಿರಾಣಿ’ ಅಂದರೆ ಆರು ಸಂಕೇತ: ಕ, ಗುಡಿಸು, ರ, ದೀರ್ಘ, ಣ, ಮತ್ತೆ ಗುಡಿಸು. ಇಂಗ್ಲಿಷಿನದೂ ಆರು. ನಡುವೆ ಹೊಸ ಸಾಲಿನ ಗುರುತು ಒಂದು. ಒಟ್ಟು 13. ಈಗ ಯಾರೋ ಇಂಗ್ಲಿಷ್ ಸಾಲನ್ನು ಮೊದಲು, ಕನ್ನಡ ಸಾಲನ್ನು ಆಮೇಲೆ ಬರೆದರು. ಒಂದಕ್ಷರವೂ ತಪ್ಪಿಲ್ಲ. ಆದರೆ ಎರಡೂ ಬರಹಗಳನ್ನು ಹೋಲಿಸಿ ತಪ್ಪು ಎಣಿಸುವ ತಂತ್ರಾಂಶ ಏನು ಮಾಡುತ್ತದೆ? ‘ಕ’ ಇರಬೇಕಾದ ಜಾಗದಲ್ಲಿ K ಇದೆ, ತಪ್ಪು. ಗುಡಿಸು ಇರಬೇಕಾದಲ್ಲಿ I ಇದೆ, ತಪ್ಪು. ಹೀಗೆ ಹೋಗಿ 13ರಲ್ಲಿ 12 ತಪ್ಪು, ಅಂದರೆ ಶೇಕಡಾ 92. ಸರಿ ಅಂತ ಉಳಿಯುವುದು ನಡುವಿನ ಹೊಸ ಸಾಲಿನ ಗುರುತು ಒಂದೇ.

ಇನ್ನೂ ಕೆಟ್ಟದ್ದು ಕಲಿಸುವಾಗ ಆಗುತ್ತದೆ. ಫೋಟೋದಿಂದ ಒಂದೊಂದು ಸಾಲನ್ನು ಕತ್ತರಿಸಿ, ಆ ತುಂಡಿನ ಜೊತೆ ಟೈಪ್ ಮಾಡಿದ ಅದೇ ನಂಬರಿನ ಸಾಲನ್ನು ಜೋಡಿಸುತ್ತಾರೆ. ಕ್ರಮ ಒಂದು ಸಾಲು ಜಾರಿದರೆ ಕನ್ನಡ ಅಕ್ಷರದ ಚಿತ್ರದ ಪಕ್ಕ ಇಂಗ್ಲಿಷ್ ಪಠ್ಯ ಬಂದು ಕೂತಿರುತ್ತದೆ. ಅಲ್ಲಿಂದ ಕೆಳಗಿನ ಎಲ್ಲ ಜೋಡಿಯೂ ತಪ್ಪೇ.

ಈಗ ಒಂದು ಪೂರ್ತಿ ಬೋರ್ಡ್ ನೋಡೋಣ. ಇದು ಯಾವುದೇ ನಿಜವಾದ ಅಂಗಡಿಯದಲ್ಲ. ನಾಲ್ಕೈದು ಬೋರ್ಡ್‌ಗಳ ಲಕ್ಷಣ ಸೇರಿಸಿ ನಾನೇ ಮಾಡಿಕೊಂಡದ್ದು. ಎಡಗಡೆ ಅರ್ಧ ಕನ್ನಡ, ಬಲಗಡೆ ಅರ್ಧ ಇಂಗ್ಲಿಷ್. ಕನ್ನಡದ ಅಕ್ಷರ ದೊಡ್ಡದು, ಮೂರು ಸಾಲು. ಇಂಗ್ಲಿಷಿನ ಅಕ್ಷರ ಚಿಕ್ಕದು, ನಾಲ್ಕು ಸಾಲು. ಪಕ್ಕದ ಅಂಕಿ ಆ ಸಾಲು ಫೋಟೋದ ಮೇಲ್ತುದಿಯಿಂದ ಎಷ್ಟು ಪಿಕ್ಸೆಲ್ ಕೆಳಗೆ ಶುರುವಾಗುತ್ತದೆ ಅನ್ನುವುದು.

```
ಎಡ ಅರ್ಧ
 40  ಶ್ರೀ ಮಾರುತಿ
130  ಕಿರಾಣಿ ಮತ್ತು ಜನರಲ್ ಸ್ಟೋರ್ಸ್
215  ಸ್ಟೇಷನ್ ರಸ್ತೆ, ಕಲಬುರಗಿ

ಬಲ ಅರ್ಧ
 50  SHRI MARUTI
105  KIRANA &
160  GENERAL STORES
220  STATION ROAD, GULBARGA
```

ಮೇಲಿನಿಂದ ಕೆಳಗೆ, ಕಂಡದ್ದನ್ನು ಕಂಡ ಹಾಗೆ ಬರೆದುಕೊಂಡು ಹೋಗುವುದೇ ನ್ಯಾಯ ಅಂತ ಹೊಸಬರಿಗೆ ಅನಿಸುತ್ತದೆ. ನನಗೂ ಮೊದಲು ಹಾಗೇ ಅನಿಸಿತ್ತು. ಎತ್ತರದ ಅಂಕಿ ಹಿಡಿದು ಜೋಡಿಸಿದರೆ ಸಿಗುವುದು ಇದು:

```
ಶ್ರೀ ಮಾರುತಿ
SHRI MARUTI
KIRANA &
ಕಿರಾಣಿ ಮತ್ತು ಜನರಲ್ ಸ್ಟೋರ್ಸ್
GENERAL STORES
ಸ್ಟೇಷನ್ ರಸ್ತೆ, ಕಲಬುರಗಿ
STATION ROAD, GULBARGA
```

ಮೂರನೇ ಸಾಲು ನೋಡಿ. ‘ಕಿರಾಣಾ ಅಂಡ್’ ಅಂತ ಹೇಳಿ ಇಂಗ್ಲಿಷ್ ಬಾಯಿ ತೆರೆದುಕೊಂಡು ನಿಂತಿದೆ. ಏನು ಅಂಡ್? ಮಾತು ಮುಗಿಯುವ ಮೊದಲೇ ಕನ್ನಡ ನಡುವೆ ಬಂತು. ಇದನ್ನು ಯಾರೂ ಹೀಗೆ ಓದುವುದಿಲ್ಲ, ಅಲ್ವಾ? ಬರೆದವನೂ ಹೀಗೆ ಬರೆದಿಲ್ಲ.

ಬರೆಯುವವರು ಹೇಗೆ ಬರೆಯುತ್ತಾರೆ ಅಂತ ತಿಳಿಯಲು ನಾನು ಒಬ್ಬ ಪೇಂಟರ್ ಹತ್ತಿರ ಹೋಗಿ ಕೂತಿದ್ದೆ. ಫ್ಲೆಕ್ಸ್ ಬರುವ ಮೊದಲಿಂದಲೂ ಬ್ರಷ್ ಹಿಡಿದವರು. ತಗಡಿನ ಮೇಲೆ ದಾರ ಎಳೆದು ಸೀಮೆಸುಣ್ಣದಲ್ಲಿ ಗೆರೆ ಹಾಕಿಕೊಳ್ಳುತ್ತಿದ್ದರು. ನಡುವೆ ಮೇಲಿಂದ ಕೆಳಗೆ ಒಂದು ಗೆರೆ. ಆಮೇಲೆ ಎಡಕ್ಕೆ ಬೇರೆ ಅಳತೆಯ ಅಡ್ಡ ಗೆರೆಗಳು, ಬಲಕ್ಕೆ ಬೇರೆ ಅಳತೆಯವು. “ಎರಡೂ ಕಡೆ ಗೆರೆ ಸರಿಯಾಗಿ ಎದುರುಬದುರು ಬರೋದು ಬೇಡೇನ್ರಿ ಕಾಕಾ?” ಅಂತ ಕೇಳಿದೆ. “ಯಾಕ್ ಬೇಕ್ರಿ? ಮೊದಲ ಕನ್ನಡ ಪೂರಾ ಬರದು ಮುಗಸ್ತೀನಿ. ಆಮ್ಯಾಗ ಈ ಕಡಿ ಬಂದು ಇಂಗ್ಲಿಷ್ ಬರೀತೀನಿ. ಅದರ ಸಾಲ ಅದಕ್ಕ, ಇದರ ಸಾಲ ಇದಕ್ಕ” ಅಂದರು.

ಅವರ ಆ ಮಾತಿನಿಂದಲೇ ನನಗೆ ಒಂದು ಪ್ರಶ್ನೆ ಸಿಕ್ಕಿತು. ಯಾವ ಬೋರ್ಡ್ ಬಂದರೂ ಈಗ ನಾನು ಮೊದಲು ಅದನ್ನೇ ಕೇಳಿಕೊಳ್ಳುತ್ತೇನೆ: ಈ ಇಂಗ್ಲಿಷ್ ತುಂಡು ಕನ್ನಡ ಹೇಳಿದ್ದನ್ನೇ ಮತ್ತೆ ಹೇಳುತ್ತಿದೆಯಾ, ಅಥವಾ ಅದರ ಮುಂದಿನದನ್ನು ಹೇಳುತ್ತಿದೆಯಾ?

ಅದನ್ನೇ ಮತ್ತೆ ಹೇಳುತ್ತಿದ್ದರೆ ಅವು ಎರಡು ಬೇರೆ ಗುಂಪು. ಒಂದನ್ನು ಪೂರ್ತಿ ಬರೆದು ಮುಗಿಸಿ, ಆಮೇಲೆ ಇನ್ನೊಂದು. ನಮ್ಮ ಮಾರುತಿ ಅಂಗಡಿಯ ಬೋರ್ಡ್ ಅಂಥದ್ದು. ಸರಿಯಾದ ಬರಹ ಹೀಗಿರುತ್ತದೆ:

```
1  Knda  ಶ್ರೀ ಮಾರುತಿ
2  Knda  ಕಿರಾಣಿ ಮತ್ತು ಜನರಲ್ ಸ್ಟೋರ್ಸ್
3  Knda  ಸ್ಟೇಷನ್ ರಸ್ತೆ, ಕಲಬುರಗಿ
4  Latn  SHRI MARUTI
5  Latn  KIRANA &
6  Latn  GENERAL STORES
7  Latn  STATION ROAD, GULBARGA
```

ನಡುವಿನ ನಾಲ್ಕಕ್ಷರ ಲಿಪಿಯ ಗುರುತು. ಐಎಸ್‌ಒ 15924 ಅನ್ನುವ ಮಾನಕದಲ್ಲಿ ಕನ್ನಡ ಲಿಪಿಗೆ Knda, ಇಂಗ್ಲಿಷ್ ಬರೆಯುವ ರೋಮನ್ ಲಿಪಿಗೆ Latn ಅಂತ ಕೊಟ್ಟಿದ್ದಾರೆ. ಇದು ಭಾಷೆಯ ಗುರುತಲ್ಲ, ಲಿಪಿಯ ಗುರುತು. ‘ಜನರಲ್ ಸ್ಟೋರ್ಸ್’ ಇಂಗ್ಲಿಷ್ ಮಾತೇ ಇರಬಹುದು, ಆದರೆ ಬೋರ್ಡಿನಲ್ಲಿ ಕನ್ನಡ ಅಕ್ಷರದಲ್ಲಿದೆ. ಹಾಗಾಗಿ ಅದು Knda.

ಯಾವ ಗುಂಪು ಮೊದಲು ಅಂತ ಕೇಳಿದರೆ, ಎಡಕ್ಕೆ ಅಥವಾ ಮೇಲೆ ಇರುವುದು ಮೊದಲು. ಇಂಗ್ಲಿಷ್ ಮೇಲಿದ್ದರೆ ಇಂಗ್ಲಿಷೇ ಮೊದಲು. ಕನ್ನಡದ ಮೇಲಿನ ಪ್ರೀತಿಗೆ ಇಲ್ಲಿ ಕನ್ನಡವನ್ನು ಮುಂದೆ ತರುವ ಹಾಗಿಲ್ಲ. ನಾವು ಬೋರ್ಡನ್ನು ತಿದ್ದುತ್ತಿಲ್ಲ, ಅದು ಹೇಗಿದೆ ಅಂತ ಬರೆದಿಡುತ್ತಿದ್ದೇವೆ.

ಇನ್ನೊಂದು ಬಗೆ ನೋಡಿ:

```
ಮಾರುತಿ XEROX & ಲ್ಯಾಮಿನೇಷನ್
```

ಇಲ್ಲಿ XEROX ಏನನ್ನೂ ಮತ್ತೆ ಹೇಳುತ್ತಿಲ್ಲ. ‘ಮಾರುತಿ’ ಆದಮೇಲಿನ ಮಾತು ಅದು. ಅದನ್ನು ಕಿತ್ತು ಇಂಗ್ಲಿಷ್ ಗುಂಪಿಗೆ ಹಾಕಿದರೆ ಕನ್ನಡದಲ್ಲಿ ‘ಮಾರುತಿ ಲ್ಯಾಮಿನೇಷನ್’ ಅಂತ ಉಳಿಯುತ್ತದೆ. ಅಂಥ ಅಂಗಡಿ ಇಲ್ಲವೇ ಇಲ್ಲ. ಹಾಗಾಗಿ ಇದು ಒಂದೇ ಸಾಲು, ಎರಡೂ ಲಿಪಿ ಇದ್ದ ಜಾಗದಲ್ಲೇ ಇರಬೇಕು. ಡಾಕ್ಟರ ಹೆಸರು ಕನ್ನಡದಲ್ಲಿದ್ದು ಪಕ್ಕದಲ್ಲಿ ಅವರ ಡಿಗ್ರಿ ಇಂಗ್ಲಿಷ್ ಅಕ್ಷರದಲ್ಲಿ ಇರುವುದೂ ಇದೇ ಬಗೆ.

ಕಂಬದ ಮೇಲೆ ನಿಲ್ಲಿಸಿ ಬರೆದ ಬೋರ್ಡ್‌ಗಳಲ್ಲೂ ಇದೇ ಪ್ರಶ್ನೆ ಕೈಹಿಡಿಯುತ್ತದೆ. ಹೋಟೆಲಿನ ಮುಂದೆ ಉದ್ದದ ಬೋರ್ಡ್ ಇರುತ್ತದೆ. ಎಡ ಪಟ್ಟಿಯಲ್ಲಿ ಒಂದರ ಕೆಳಗೆ ಒಂದು ಹೋ, ಟೆ, ಲ್. ಬಲ ಪಟ್ಟಿಯಲ್ಲಿ ಇಂಗ್ಲಿಷಿನ ಐದು ಅಕ್ಷರ. ಕನ್ನಡ ಮೂರು ತುಂಡು, ಇಂಗ್ಲಿಷ್ ಐದು ತುಂಡು. ಎತ್ತರ ಹಿಡಿದು ಬರೆದರೆ ಎಂಟು ಸಾಲಿನ ಕಿಚಡಿ ಆಗುತ್ತದೆ. ಅಲ್ಲಿರುವುದು ಎರಡು ಪದ ಅಷ್ಟೇ. ‘ಹೋಟೆಲ್’ ಅಂತ ಒಂದು ಸಾಲು, HOTEL ಅಂತ ಇನ್ನೊಂದು ಸಾಲು ಬರೆದು, ನಿಲ್ಲಿಸಿ ಬರೆದದ್ದು ಅಂತ ಪಕ್ಕದಲ್ಲಿ ಟಿಪ್ಪಣಿ ಹಾಕಿದರೆ ಆಯಿತು.

ಆದರೆ ಈ ಪ್ರಶ್ನೆ ಎಲ್ಲ ಕಡೆ ಸಾಲುವುದಿಲ್ಲ. ಹೆದ್ದಾರಿಯ ದಾರಿ ತೋರಿಸುವ ಬೋರ್ಡ್ ನೆನಪು ಮಾಡಿಕೊಳ್ಳಿ. ಹುಮನಾಬಾದ ಕನ್ನಡದಲ್ಲಿ, ಅದರ ಕೆಳಗೆ ಇಂಗ್ಲಿಷಿನಲ್ಲಿ, ಎರಡಕ್ಕೂ ಸೇರಿ ಪಕ್ಕದಲ್ಲಿ ಒಂದು ಬಾಣ, ಒಂದು ಕಿಲೋಮೀಟರ್ ಅಂಕಿ. ಅದರ ಕೆಳಗೆ ಬೀದರ, ಮತ್ತೆ ಎರಡು ಲಿಪಿಯಲ್ಲಿ, ಮತ್ತೆ ಒಂದು ಅಂಕಿ. ಇಂಗ್ಲಿಷ್ ಇಲ್ಲಿ ಕನ್ನಡವನ್ನೇ ಮತ್ತೆ ಹೇಳುತ್ತಿದೆ ನಿಜ. ಹಾಗಂತ ಕನ್ನಡದ ಊರುಗಳನ್ನೆಲ್ಲ ಮೊದಲು ಬರೆದು ಆಮೇಲೆ ಇಂಗ್ಲಿಷ್ ಊರುಗಳನ್ನು ಬರೆದರೆ ಅಂಕಿಯನ್ನು ಎಲ್ಲಿಡುತ್ತೀರಿ? ಹುಮನಾಬಾದದ ಅಂಕಿ ಬೀದರದ ಹತ್ತಿರ ಬಂದು ಕೂತರೆ ಅದು ಬರೀ ಕ್ರಮದ ತಪ್ಪಲ್ಲ, ಸುಳ್ಳು. ಇಂಥ ಕಡೆ ಅಂಕಿ ಅಥವಾ ಬಾಣ ಎರಡೂ ಲಿಪಿಯನ್ನು ಕಟ್ಟಿ ಹಾಕಿರುತ್ತದೆ. ಹಾಗಾಗಿ ಊರು ಊರಾಗಿ ಬರೆಯಬೇಕು: ಕನ್ನಡ ಹೆಸರು, ಇಂಗ್ಲಿಷ್ ಹೆಸರು, ಅಂಕಿ. ಆಮೇಲೆ ಮುಂದಿನ ಊರು. ಅಂಕಿಗೆ ಅದರದೇ ಒಂದು ಸಾಲು ಕೊಟ್ಟು ‘ಎರಡಕ್ಕೂ ಸೇರಿದ್ದು’ ಅಂತ ಗುರುತು ಮಾಡುತ್ತೇನೆ. ಹೋಟೆಲಿನ ದರದ ಪಟ್ಟಿಯೂ ಹೀಗೇ. ಇಡ್ಲಿ ಎರಡು ಲಿಪಿಯಲ್ಲಿ, ರೇಟ್ ಒಂದೇ.

ಈಗ ಹೊಸದಾಗಿ ಬಂದ ಒಂದು ಗೋಜಲು. 2024ರಲ್ಲಿ ಕಾನೂನಿಗೆ ತಿದ್ದುಪಡಿ ಆಗಿ ಬೋರ್ಡಿನಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕು ಅಂತಾಯಿತು. ಪೂರ್ತಿ ಹೊಸ ಬೋರ್ಡ್ ಮಾಡಿಸುವುದು ಖರ್ಚಿನ ಮಾತು. ಹಾಗಾಗಿ ಹಳೆ ಬೋರ್ಡಿನ ಮೇಲ್ಗಡೆ ಒಂದು ಕನ್ನಡ ಪಟ್ಟಿ ಅಂಟಿಸಿರುವುದನ್ನು ನೀವು ನೋಡಿರುತ್ತೀರಿ. ಅಂಥ ಬೋರ್ಡಿನಲ್ಲಿ ಮೇಲೆ ಹೊಸ ಕನ್ನಡ, ನಡುವೆ ಹಳೆ ಇಂಗ್ಲಿಷ್, ಕೆಳಗೆ ಹಳೆಯ ಚಿಕ್ಕ ಕನ್ನಡ ಸಾಲು, ಹೀಗೆ ಇರುತ್ತದೆ. ಮೇಲಿನ ಕನ್ನಡಕ್ಕೂ ಕೆಳಗಿನ ಕನ್ನಡಕ್ಕೂ ಲಿಪಿ ಒಂದೇ ಅಂತ ಎರಡನ್ನೂ ಸೇರಿಸಿಬಿಡಬೇಡಿ. ಅಂಗಡಿಯ ಹೆಸರು ಎರಡು ಸಲ ಕನ್ನಡದಲ್ಲೇ ಬರುತ್ತದೆ. ಇಲ್ಲಿ ಕನ್ನಡವೇ ಕನ್ನಡವನ್ನು ಮತ್ತೆ ಹೇಳುತ್ತಿದೆ. ಮೂರು ಗುಂಪು, ಮೇಲಿಂದ ಕೆಳಗೆ.

ಫೋಟೋದ ಓರೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ರಸ್ತೆಯಲ್ಲಿ ಗಾಡಿಗಳ ನಡುವೆ ನಿಂತು ತೆಗೆದ ಫೋಟೋ ಸ್ವಲ್ಪ ವಾಲಿಯೇ ಇರುತ್ತದೆ. ಎಷ್ಟು ವಾಲಿದರೆ ತೊಂದರೆ? ಬೋರ್ಡ್ ಫೋಟೋದಲ್ಲಿ 1200 ಪಿಕ್ಸೆಲ್ ಅಗಲ ಇದೆ ಅಂದುಕೊಳ್ಳಿ. ಬರೀ 5 ಡಿಗ್ರಿ ವಾಲಿದರೆ ಅದರ ಬಲ ತುದಿ ಎಡ ತುದಿಗಿಂತ ಸುಮಾರು 105 ಪಿಕ್ಸೆಲ್ ಕೆಳಗೆ ಹೋಗುತ್ತದೆ. ನಮ್ಮ ಬೋರ್ಡಿನ ಕನ್ನಡ ಸಾಲುಗಳ ನಡುವಿನ ಅಂತರ 85ರಿಂದ 90. ಅಂದರೆ ಬಲಗಡೆಯ ಮೊದಲ ಸಾಲಿನ ತುದಿ ಎಡಗಡೆಯ ಎರಡನೇ ಸಾಲಿಗಿಂತಲೂ ಕೆಳಗಿದೆ. ಇಷ್ಟು ಓರೆ ಓದುವಾಗ ನಮಗೆ ಅಡ್ಡ ಬರುವುದಿಲ್ಲ, ನಾವು ತಲೆಯಲ್ಲೇ ನೆಟ್ಟಗೆ ಮಾಡಿಕೊಂಡು ಓದುತ್ತೇವೆ. ತಂತ್ರಾಂಶಕ್ಕೆ ಅದು ಬರುವುದಿಲ್ಲ. ಹಾಗಾಗಿ ಮೊದಲು ಬೋರ್ಡಿನ ನಾಲ್ಕು ಮೂಲೆ ಹಿಡಿದು ಚಿತ್ರವನ್ನು ನೆಟ್ಟಗೆ ಮಾಡಿ, ಆಮೇಲೆ ಸಾಲುಗಳನ್ನು ಗುರುತಿಸಿ.

ನಿಮ್ಮಲ್ಲಿ ಕೆಲವರು ಟೆಸೆರಾಕ್ಟ್ ಬಳಸಿರಬಹುದು, ಚಿತ್ರದಿಂದ ಅಕ್ಷರ ತೆಗೆಯುವ ಉಚಿತ ತಂತ್ರಾಂಶ. ಮೊದಲ ಕರಡು ಅದರಿಂದ ತೆಗೆದು ಆಮೇಲೆ ಕೈಯಿಂದ ತಿದ್ದುವುದು ಸುಲಭ ಅನಿಸುತ್ತದೆ. ಆದರೆ ಕ್ರಮದ ವಿಷಯದಲ್ಲಿ ಅದರ ಸ್ವಭಾವ ತಿಳಿದಿರಬೇಕು. ಅದಕ್ಕೆ `--psm` ಅಂತ ಒಂದು ಆಯ್ಕೆ ಇದೆ, ಪುಟವನ್ನು ಹೇಗೆ ನೋಡಬೇಕು ಅಂತ ಹೇಳುವುದು. 6 ಕೊಟ್ಟರೆ ಇಡೀ ಚಿತ್ರ ಒಂದೇ ಬ್ಲಾಕ್ ಅಂದುಕೊಳ್ಳುತ್ತದೆ. ನಮ್ಮ ಬೋರ್ಡ್ ಕೊಟ್ಟರೆ ಎಡದ ಕನ್ನಡ ಸಾಲನ್ನೂ ಬಲದ ಇಂಗ್ಲಿಷ್ ಸಾಲನ್ನೂ ಹೊಲಿದು ಒಂದೇ ಸಾಲು ಮಾಡಲು ನೋಡುತ್ತದೆ. 11 ಕೊಟ್ಟರೆ ಚದುರಿದ ತುಂಡುಗಳನ್ನೆಲ್ಲ ಹುಡುಕುತ್ತದೆ. ಆದರೆ ಅವು ಇಂಥದೇ ಕ್ರಮದಲ್ಲಿ ಬರುತ್ತವೆ ಅಂತ ಭರವಸೆ ಕೊಡುವುದಿಲ್ಲ. ಅದರ ಸಹಾಯದ ಪಠ್ಯದಲ್ಲೇ ಹಾಗಂತ ಬರೆದಿದ್ದಾರೆ.

ನಾನು ಮಾಡುವುದು ಪೇಂಟರ್ ಕಾಕಾ ಮಾಡಿದ್ದನ್ನೇ. ನಡುವೆ ಗೆರೆ ಹಾಕಿ ಚಿತ್ರವನ್ನು ಎರಡು ತುಂಡು ಮಾಡುತ್ತೇನೆ. ಒಂದೊಂದು ತುಂಡಿಗೆ ಅದರ ಲಿಪಿಯನ್ನಷ್ಟೇ ಹೇಳುತ್ತೇನೆ.

```
tesseract eda.png eda -l kan --psm 6
tesseract bala.png bala -l eng --psm 6
```

ಇದರಲ್ಲಿ ಇನ್ನೊಂದು ಲಾಭ ಇದೆ. ಎರಡೂ ಭಾಷೆ ಒಟ್ಟಿಗೆ ಕೊಟ್ಟಾಗ ಇಂಗ್ಲಿಷಿನ O ಕನ್ನಡದ ಸೊನ್ನೆಯಾಗಿ, ಕನ್ನಡದ ಸೊನ್ನೆ ಇಂಗ್ಲಿಷಿನ O ಆಗಿ ಅದಲುಬದಲಾಗುವ ಸಾಧ್ಯತೆ ಇರುತ್ತದೆ. ತುಂಡು ಮಾಡಿದರೆ ಆ ಗೊಂದಲ ಇಲ್ಲ.

ಇಲ್ಲಿಯವರೆಗೆ ಸಾಲುಗಳ ಕ್ರಮದ ಮಾತಾಯಿತು. ಇದೇ ಸಮಸ್ಯೆ ಒಂದು ಪದದ ಒಳಗೂ ಇದೆ. ಅದು ಕನ್ನಡಕ್ಕೆ ಮಾತ್ರ ಬರುವುದು, ಇಂಗ್ಲಿಷಿಗೆ ಬರುವುದಿಲ್ಲ. ಇಂಗ್ಲಿಷಿನಲ್ಲಿ ಕಣ್ಣಿಗೆ ಕಂಡ ಕ್ರಮವೇ ಓದುವ ಕ್ರಮ. ಕನ್ನಡದಲ್ಲಿ ಅರ್ಕಾವತ್ತು ಇದೆಯಲ್ಲ, ಅದು ಹಾಗಲ್ಲ.

‘ಮಾರ್ಕೆಟ್’ ಪದ ತೆಗೆದುಕೊಳ್ಳಿ. ಬಾಯಲ್ಲಿ ಹೇಳುವಾಗ ರ್ ಮೊದಲು, ಕೆ ಆಮೇಲೆ. ಬೋರ್ಡಿನಲ್ಲಿ ಕೆ ಮೊದಲು ಕಾಣುತ್ತದೆ, ಅರ್ಕಾವತ್ತು ಅದರ ಬಲಕ್ಕೆ. ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್ ಮಾತ್ರ ನಾವು ಓದುವ ಕ್ರಮದಲ್ಲೇ ಇಟ್ಟುಕೊಳ್ಳುತ್ತದೆ: ಮ, ದೀರ್ಘ, ರ, ಹಲಂತದ ಗುರುತು, ಕ, ಎತ್ವ, ಟ, ಹಲಂತದ ಗುರುತು. ಒಟ್ಟು ಎಂಟು. ಅರ್ಕಾವತ್ತನ್ನು ಬಲಕ್ಕೆ ಕೂರಿಸುವುದು ಫಾಂಟಿನ ಕೆಲಸ. ಆದರೆ ಕಂಡದ್ದನ್ನು ಕಂಡ ಹಾಗೆ ಟೈಪ್ ಮಾಡುವವರು ‘ಮಾಕೆ’ ಬರೆದು, ಅರ್ಕಾವತ್ತಿನ ಹಾಗೇ ಕಾಣುವ ಕನ್ನಡ ಅಂಕಿ ೯ ಹಾಕಿ, ‘ಟ್’ ಸೇರಿಸುತ್ತಾರೆ. ಪರದೆಯ ಮೇಲೆ ಎರಡೂ ಹೆಚ್ಚುಕಡಿಮೆ ಒಂದೇ ಥರ:

```
ಮಾರ್ಕೆಟ್
ಮಾಕೆ೯ಟ್
```

ಎರಡನೆಯದರಲ್ಲಿ ರ ಇಲ್ಲವೇ ಇಲ್ಲ, ನಡುವೆ ಒಂಬತ್ತು ಇದೆ. ಕಣ್ಣಿಗೆ ಸಿಗದಿದ್ದರೂ ಹುಡುಕಾಟದಲ್ಲಿ ಸಿಕ್ಕಿಬೀಳುತ್ತದೆ. ‘ಮಾರ್ಕೆಟ್’ ಅಂತ ಹುಡುಕಿದರೆ ಆ ಸಾಲು ಬರುವುದಿಲ್ಲ. ಅನುಸ್ವಾರದ ಜಾಗದಲ್ಲಿ ಅಂಕಿ ಸೊನ್ನೆ ಟೈಪ್ ಮಾಡುವುದೂ ಇದೇ ಜಾತಿಯ ತಪ್ಪು. ಕಡತ ಮುಗಿದ ಮೇಲೆ ನಾನು ಒಂದು ಸಲ ಹೀಗೆ ಹುಡುಕುತ್ತೇನೆ:

```
grep -n '[೦೯]' boards.txt
```

ಸಿಕ್ಕಿದ್ದೆಲ್ಲ ತಪ್ಪಲ್ಲ. ಕೆಲವು ಬೋರ್ಡಿನಲ್ಲಿ ನಿಜವಾಗಿಯೂ ಕನ್ನಡ ಅಂಕಿ ಇರುತ್ತದೆ. ಒಂದೊಂದನ್ನೂ ಫೋಟೋ ಜೊತೆ ನೋಡಬೇಕು. ಅಂಕಿಯ ಎರಡೂ ಪಕ್ಕ ಅಕ್ಷರ ಇದ್ದರೆ ಅದು ಅಂಕಿ ಅಲ್ಲ ಅಂತ ತಿಳಿಯಿರಿ.

‘ಸ್ಟೋರ್ಸ್’ ಇನ್ನೂ ಸ್ವಾರಸ್ಯದ್ದು. ಕೆಲವರು ಅರ್ಕಾವತ್ತು ಹಾಕಿ ಬರೆಯುತ್ತಾರೆ. ಕೆಲವರು ರ್ ಅನ್ನು ಪೂರ್ತಿ ಬರೆದು ಪಕ್ಕದಲ್ಲಿ ಸ್ ಬರೆಯುತ್ತಾರೆ: ‘ಸ್ಟೋರ್‌ಸ್’. ಓದುವುದು ಒಂದೇ, ರೂಪ ಬೇರೆ. ಬೋರ್ಡಿನಲ್ಲಿ ಬಿಡಿಸಿ ಬರೆದಿದ್ದರೆ ರ್ ಆದಮೇಲೆ ಕಣ್ಣಿಗೆ ಕಾಣದ ಒಂದು ಸಂಕೇತ ಹಾಕಬೇಕು, U+200C. ಅದು ಎರಡನ್ನೂ ಕೂಡದ ಹಾಗೆ ತಡೆಯುತ್ತದೆ. ಚಿತ್ರಕ್ಕೂ ಪಠ್ಯಕ್ಕೂ ಹೊಂದಿಕೆ ಇರಬೇಕಾದ ಕೆಲಸದಲ್ಲಿ ಇದನ್ನು ಬಿಡಬಾರದು.

ಕಂಡ ಕ್ರಮಕ್ಕೂ ಓದುವ ಕ್ರಮಕ್ಕೂ ಇರುವ ಈ ವ್ಯತ್ಯಾಸವನ್ನು ಬರಿಗಣ್ಣಿನಿಂದ ನೋಡಬೇಕು ಅಂದರೆ ಫ್ಲೆಕ್ಸ್ ಅಂಗಡಿಗೆ ಹೋಗಿ. ಅಲ್ಲಿ ಈಗಲೂ ಎಷ್ಟೋ ಕಡೆ ಡಿಸೈನ್ ಮಾಡುವುದು ‘ನುಡಿ’ ತಂತ್ರಾಂಶದ ಹಳೆ ಆಸ್ಕಿ ಫಾಂಟಿನಲ್ಲಿ. ಆ ಫಾಂಟು ತೆಗೆದುಬಿಟ್ಟರೆ ‘ಕರ್ನಾಟಕ’ ಪದ ಹೀಗೆ ಕಾಣುತ್ತದೆ:

```
PÀ£ÁðlPÀ
```

ಮೊದಲ ಎರಡು ಗುರುತು ‘ಕ’. ಆಮೇಲಿನ ಎರಡು ‘ನಾ’. ಅದರ ಮುಂದೆ ಇರುವ ð ಇದೆಯಲ್ಲ, ಅದೇ ಅರ್ಕಾವತ್ತು. ‘ನಾ’ ಆದಮೇಲೆ ಬಂದಿದೆ ನೋಡಿ. ಹಳೆ ಫಾಂಟು ಕಂಡ ಕ್ರಮವನ್ನೇ ಇಟ್ಟುಕೊಂಡಿದೆ. ಪರಿವರ್ತಕ ತಂತ್ರಾಂಶ ಅದನ್ನು ಹಿಂದಕ್ಕೆ ತಂದು ‘ನಾ’ ಮುಂಚೆ ಕೂರಿಸಿ ಯೂನಿಕೋಡ್ ಮಾಡುತ್ತದೆ.

ಎರಡು ಲಿಪಿಯ ಬೋರ್ಡಿಗೆ ಇಲ್ಲೇ ಒಂದು ಹಳ್ಳ ಇದೆ. ಫ್ಲೆಕ್ಸ್ ಅಂಗಡಿಯವರು ಪಠ್ಯ ಕೊಟ್ಟರು, ಟೈಪ್ ಮಾಡುವ ಕೆಲಸ ಉಳಿಯಿತು ಅಂತ ನಾನು ಒಮ್ಮೆ ಪೂರ್ತಿ ಕಡತವನ್ನೇ ಪರಿವರ್ತಕಕ್ಕೆ ಕೊಟ್ಟುಬಿಟ್ಟೆ. ಕನ್ನಡ ಚೆನ್ನಾಗಿ ಬಂತು. ಇಂಗ್ಲಿಷ್ ಸಾಲುಗಳೂ ಕನ್ನಡ ಆಗಿ ಬಂದವು, ಅರ್ಥವಿಲ್ಲದ ಕನ್ನಡ. ಯಾಕೆಂದರೆ ಆ ಹಳೆ ಪಠ್ಯದಲ್ಲಿ ಕನ್ನಡವೂ ರೋಮನ್ ಸಂಕೇತದಲ್ಲೇ ಇರುತ್ತದೆ. ಯಾವ P ನಿಜವಾದ P, ಯಾವ P ‘ಕ’ದ ಅರ್ಧ ಅಂತ ಪರಿವರ್ತಕಕ್ಕೆ ಗೊತ್ತಾಗುವುದು ಫಾಂಟಿನ ಹೆಸರು ಇದ್ದರೆ ಮಾತ್ರ. ಬರೀ ಪಠ್ಯ ನಕಲು ಮಾಡಿ ತಂದರೆ ಫಾಂಟಿನ ಹೆಸರು ಅಲ್ಲೇ ಉಳಿದುಹೋಗುತ್ತದೆ. ಹಾಗಾಗಿ ಡಿಸೈನ್ ತೆರೆದಿರುವಾಗಲೇ ಕನ್ನಡ ಸಾಲು, ಇಂಗ್ಲಿಷ್ ಸಾಲು ಬೇರೆ ಬೇರೆ ಕಡತಕ್ಕೆ ತೆಗೆದುಕೊಳ್ಳಿ. ಪರಿವರ್ತನೆ ಕನ್ನಡದ ಕಡತಕ್ಕೆ ಮಾತ್ರ. ಆಮೇಲೆ ಬೋರ್ಡಿನ ಕ್ರಮ ನೋಡಿ ಮತ್ತೆ ಕೂಡಿಸಿ.

ಮುಗಿಸಿದ ಬರಹ ಸರಿ ಇದೆಯಾ ಅಂತ ನೋಡಲು ನನ್ನ ಹತ್ತಿರ ಇರುವುದು ಒಂದೇ ಪರೀಕ್ಷೆ. ಫೋಟೋ ಮುಚ್ಚಿಡಿ. ಬರೆದ ಸಾಲುಗಳನ್ನು ಮೇಲಿಂದ ಕೆಳಗೆ, ಒಂದನ್ನೂ ಬಿಡದೆ ಜೋರಾಗಿ ಓದಿ. ಒಂದು ಲಿಪಿಯಲ್ಲಿ ಹೆಸರು, ವ್ಯಾಪಾರ, ಊರು ಅಂತ ಒಂದು ಪೂರ್ತಿ ಮಾತು ಆಗಬೇಕು. ಆಮೇಲೆ ಇನ್ನೊಂದು ಲಿಪಿಯಲ್ಲೂ ಹಾಗೇ ಆಗಬೇಕು. ಎಲ್ಲಾದರೂ ‘ಕಿರಾಣಾ ಅಂಡ್’ ಅಂತ ನಿಂತುಹೋದರೆ ಅಲ್ಲಿ ಸಾಲು ಜಾರಿದೆ ಅಂತ ಅರ್ಥ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಅವನ್ನೂ ಸೇರಿಸುತ್ತೇನೆ.

ಒಬ್ಬ ಹುಡುಗಿ ಕೇಳಿದಳು: “ಸರ್, ನಿಮ್ಮ ಬೋರ್ಡಿನಲ್ಲಿ ಕನ್ನಡದಲ್ಲಿ ಕಲಬುರಗಿ ಇದೆ, ಇಂಗ್ಲಿಷಿನಲ್ಲಿ ಗುಲ್ಬರ್ಗಾ ಇದೆ. ತಿದ್ದಬಾರದಾ?” ತಿದ್ದಬಾರದು ಅಂದೆ. ಅಧಿಕೃತ ಹೆಸರು ಬದಲಾದದ್ದು 2014ರ ನವೆಂಬರ್ 1ರಂದು. ಆದರೆ ಹಳೆ ಬೋರ್ಡ್‌ಗಳು ಹಾಗೇ ಉಳಿದಿವೆ, ಕೆಲವರು ಕನ್ನಡ ಅರ್ಧವನ್ನಷ್ಟೇ ಹೊಸದಾಗಿ ಬರೆಸಿದ್ದಾರೆ. ಒಂದು ಲಿಪಿ ನೋಡಿ ಇನ್ನೊಂದು ಲಿಪಿಯನ್ನು ಸರಿಮಾಡಲು ಹೋದರೆ ಬೋರ್ಡಿನಲ್ಲಿ ಇಲ್ಲದ ಅಕ್ಷರ ನಮ್ಮ ಕಡತಕ್ಕೆ ಬರುತ್ತದೆ.

ಬೀದರದಿಂದ ಬಂದಿದ್ದ ಒಬ್ಬರು ಉರ್ದು ಸಾಲು ಇದ್ದರೆ ಏನು ಮಾಡಬೇಕು ಅಂತ ಕೇಳಿದರು. ಉರ್ದು ಬಲದಿಂದ ಎಡಕ್ಕೆ ಓಡುತ್ತದೆ, ಅದರ ನಡುವಿನ ಅಂಕಿ ಮಾತ್ರ ಎಡದಿಂದ ಬಲಕ್ಕೆ. ಕಡತದಲ್ಲಿ ಮೊದಲು ಓದುವ ಅಕ್ಷರ ಮೊದಲೇ ಇರುತ್ತದೆ, ಪರದೆ ಅದನ್ನು ಬಲದಿಂದ ಜೋಡಿಸಿ ತೋರಿಸುತ್ತದೆ. ಉರ್ದು ಹೆಸರು, ಫೋನ್ ನಂಬರ್, ಇಂಗ್ಲಿಷ್ ಪದ ಮೂರನ್ನೂ ಒಂದೇ ಸಾಲಿನಲ್ಲಿ ಹಾಕಿದರೆ ಒಂದು ತಂತ್ರಾಂಶದಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ಕಾಣಬಹುದು. ಅದನ್ನು ನೋಡಿ ಜನ ‘ಸರಿ ಮಾಡಲು’ ಪದಗಳನ್ನು ಎತ್ತಿಡುತ್ತಾರೆ, ಆಗ ಸರಿಯಿದ್ದ ಕಡತ ನಿಜವಾಗಿಯೂ ಹಾಳಾಗುತ್ತದೆ. ಉರ್ದುವಿಗೆ ಅದರದೇ ಸಾಲು ಕೊಟ್ಟುಬಿಡಿ. ಒಂದು ಸಾಲಿನಲ್ಲಿ ಉರ್ದು ಒಂದೇ ಇದ್ದರೆ ಈ ತಾಪತ್ರಯ ಇಲ್ಲ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬರು ಎದ್ದು, ಕರೆಂಟ್ ಕಂಬ ಅಡ್ಡ ಬಂದು ಕನ್ನಡದ ಎರಡು ಮೂರು ಅಕ್ಷರ ಮುಚ್ಚಿಹೋಗಿದ್ದರೆ ಪಕ್ಕದ ಇಂಗ್ಲಿಷ್ ನೋಡಿ ತುಂಬಬಹುದಾ ಅಂತ ಕೇಳಿದರು. ‘ಜನ’ ಕಾಣುತ್ತದೆ, ‘ಸ್ಟೋರ್ಸ್’ ಕಾಣುತ್ತದೆ, ಇಂಗ್ಲಿಷಿನಲ್ಲಿ GENERAL ಪೂರ್ತಿ ಇದೆ. ತುಂಬಿಬಿಡೋಣ ಅನಿಸುವುದು ಸಹಜ. ಆದರೆ ಆ ಕಂಬದ ಹಿಂದೆ ‘ರಲ್’ ಇರಬಹುದು, ‘ರಲ’ ಇರಬಹುದು. ನಮ್ಮ ಕಡೆ ಎರಡೂ ಬರೆಯುತ್ತಾರೆ. ಮುಚ್ಚಿದ ಜಾಗಕ್ಕೆ ಒಂದು ಗುರುತು ಹಾಕಿ ಖಾಲಿ ಬಿಡಿ ಅಂದೆ. ಮತ್ತೆ ಆ ದಾರಿಯಲ್ಲಿ ಹೋದಾಗ ಕಂಬದ ಆ ಕಡೆ ನಿಂತು ಇನ್ನೊಂದು ಫೋಟೋ ತೆಗೆಯಿರಿ.